ಲಿಂಕ್ ತೆಗೆದ ರಾತ್ರಿ ನಾಲ್ಕು ವರ್ಷದ ಗ್ಯಾರೇಜ್ ಕಾಣೆಯಾಯಿತು

ಹೋದ ವರ್ಷ ಗಣೇಶನ ಹಬ್ಬಕ್ಕೆ ಹಾಸನಕ್ಕೆ ಹೋಗುವಾಗ ಪ್ಲೇಸ್ಟೇಷನ್ 5 ಅನ್ನೂ ಬ್ಯಾಗಿಗೆ ಹಾಕಿಕೊಂಡು ಹೋಗಿದ್ದೆ. ನಾನು ಆಡೋದು ಒಂದು ಆನ್‌ಲೈನ್ ಕಾರ್ ರೇಸ್ ಗೇಮ್. ಗೇಮ್ ಹೆಸರು, ಕಂಪನಿ ಹೆಸರು ಇಲ್ಲಿ ಬೇಡ. ನಡೆದ ತಪ್ಪು ನನ್ನದು, ಮತ್ತು ಈ ತಪ್ಪು ಯಾವ ಕಂಪನಿಯ ಗೇಮ್‌ನಲ್ಲಾದರೂ ಆಗಬಹುದು.

ಈ ಗೇಮ್ ಶುರು ಮಾಡಿದ್ದು 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ಸಮಯ. ಇಂಜಿನಿಯರಿಂಗ್ ಕೊನೇ ವರ್ಷ. ಹಾಸನದ ಮನೆಯಲ್ಲಿ ಹಳೇ ಪ್ಲೇಸ್ಟೇಷನ್ 4 ಇತ್ತು. ಅಲ್ಲಿಂದ ನಾಲ್ಕು ವರ್ಷದಲ್ಲಿ ಲೆವೆಲ್ 212ಕ್ಕೆ ಬಂದಿದ್ದೆ. ಗ್ಯಾರೇಜಿನಲ್ಲಿ 61 ಕಾರು. ಅದರಲ್ಲಿ ಒಂದಕ್ಕೆ ನಾನೇ ಬಣ್ಣ ಬಳಿದಿದ್ದೆ. ನಮ್ಮಪ್ಪ ಕೆಎಸ್‌ಆರ್‌ಟಿಸಿ ಡ್ರೈವರ್ ಆಗಿದ್ದವರು. ಅವರು ಓಡಿಸುತ್ತಿದ್ದ ಕೆಂಪು ಬಸ್ಸಿನ ಬಣ್ಣವನ್ನೇ ಕಾರಿಗೆ ಹಾಕಿ, ಬಾಗಿಲ ಮೇಲೆ ಅವರ ಬಸ್ಸಿನ ನಂಬರ್ ಬರೆದಿದ್ದೆ. ಗೇಮ್‌ನ ಪೇಂಟಿಂಗ್ ಟೂಲ್‌ನಲ್ಲಿ ಕನ್ನಡ ಅಕ್ಷರ ಇಲ್ಲ. ಹಾಗಾಗಿ ‘ಹಾಸನ’ ಅಂತ ಬರೆಯೋಕೆ ಚಿಕ್ಕ ಚಿಕ್ಕ ವೃತ್ತ, ಬಿಲ್ಲಿನಂಥ ಗೆರೆಗಳನ್ನು ಒಂದಕ್ಕೊಂದು ಜೋಡಿಸಬೇಕಾಯಿತು. ಅದೊಂದಕ್ಕೇ ಎರಡು ಭಾನುವಾರ ಹಿಡಿದಿತ್ತು.

ತಮ್ಮ ಇದೇ ಗೇಮ್ ಅನ್ನು ಲ್ಯಾಪ್‌ಟಾಪ್‌ನಲ್ಲಿ ಆಡುತ್ತಾನೆ. ಅವನ ಜೊತೆ ಆಡೋಣ ಅಂತ ಹಬ್ಬಕ್ಕೆ ಮೂರು ವಾರ ಮುಂಚೆ ಬೆಂಗಳೂರಿನಲ್ಲಿ ನನ್ನ ಲ್ಯಾಪ್‌ಟಾಪ್‌ಗೂ ಗೇಮ್ ಹಾಕಿಕೊಂಡಿದ್ದೆ. ಆಗ ಪಬ್ಲಿಷರ್, ಅಂದರೆ ಗೇಮ್ ಹೊರತರುವ ಕಂಪನಿಯ ಅಕೌಂಟ್ ಕೇಳಿತು. ನನ್ನ ಜಿಮೇಲ್ ಕೊಟ್ಟು ಹೊಸ ಅಕೌಂಟ್ ಮಾಡಿದೆ. ಅದರಲ್ಲಿ ಲೆವೆಲ್ 9, ಕಾರು ನಾಲ್ಕು. ಪ್ಲೇಸ್ಟೇಷನ್‌ನಲ್ಲಿರುವ 61 ಕಾರು ಲ್ಯಾಪ್‌ಟಾಪ್‌ನಲ್ಲೂ ಬರಬೇಕಾದರೆ ಎರಡನ್ನೂ ಲಿಂಕ್ ಮಾಡಬೇಕು ಅಷ್ಟೇ ಅಲ್ವಾ ಅಂದುಕೊಂಡೆ.

ಶನಿವಾರ ರಾತ್ರಿ ಊಟ ಮುಗಿಸಿ ಕೂತೆವು. ಪಬ್ಲಿಷರ್ ವೆಬ್‌ಸೈಟಿನಲ್ಲಿ ಜಿಮೇಲ್ ಅಕೌಂಟಿಗೆ ಲಾಗಿನ್ ಆದೆ. ಸೆಟ್ಟಿಂಗ್ಸ್‌ನಲ್ಲಿ ಕನೆಕ್ಟ್ ಆಗಿರುವ ಅಕೌಂಟ್‌ಗಳ ಪುಟ ಇದೆ. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ನಿಂಟೆಂಡೊ, ಸ್ಟೀಮ್ ಅಂತ ಸಾಲಾಗಿ ಇರುತ್ತದೆ, ಪ್ರತಿಯೊಂದರ ಮುಂದೆ ಒಂದು ಬಟನ್. ಪ್ಲೇಸ್ಟೇಷನ್ ಮುಂದಿನ ಬಟನ್ ಒತ್ತಿದೆ. ಸೋನಿಯ ಲಾಗಿನ್ ಪುಟ ಬಂತು, ಪಾಸ್‌ವರ್ಡ್ ಕೊಟ್ಟೆ. ವಾಪಸ್ ಬಂದಾಗ ಕೆಂಪು ಅಕ್ಷರದಲ್ಲಿ ಒಂದು ಸಾಲು. ಈ ಪ್ಲೇಸ್ಟೇಷನ್ ಅಕೌಂಟ್ ಈಗಾಗಲೇ ಬೇರೆ ಅಕೌಂಟಿಗೆ ಲಿಂಕ್ ಆಗಿದೆ.

ಬೇರೆ ಅಕೌಂಟ್ ಯಾವುದು? ನಾನು ಯಾವತ್ತೂ ಮಾಡಿಯೇ ಇಲ್ಲವಲ್ಲ ಅನ್ನಿಸಿತು. ನಿಜವಾಗಿ ಮಾಡಿದ್ದೆ. 2020ರಲ್ಲಿ ಮೊದಲ ಸಲ ಗೇಮ್ ತೆರೆದಾಗ ‘ಪ್ಲೇಸ್ಟೇಷನ್ ಮೂಲಕ ಮುಂದುವರಿಯಿರಿ’ ಅಂತ ಬಂದಿತ್ತು, ಒತ್ತಿದ್ದೆ. ಒಂದು ಇಮೇಲ್ ಕೇಳಿತ್ತು. ಆಗ ಎಲ್ಲದಕ್ಕೂ ಕೊಡುತ್ತಿದ್ದ ಕಾಲೇಜಿನ ಮೇಲ್ ಐಡಿ ಕೊಟ್ಟು ಮರೆತುಬಿಟ್ಟಿದ್ದೆ. ಪಾಸ್‌ವರ್ಡ್ ಇಟ್ಟ ನೆನಪೇ ಇಲ್ಲ. ಆ ಒಂದು ಒತ್ತಿಗೆ ಪಬ್ಲಿಷರ್ ಸರ್ವರ್‌ನಲ್ಲಿ ನನ್ನ ಹೆಸರಿಗೆ ಒಂದು ಪೂರ್ತಿ ಅಕೌಂಟ್ ಹುಟ್ಟಿತ್ತು. 61 ಕಾರೂ ಇದ್ದದ್ದು ಅದರೊಳಗೆ.

ಅದನ್ನು ಹಳೇ ಅಕೌಂಟ್ ಅಂತಲೂ ಲ್ಯಾಪ್‌ಟಾಪ್‌ನದ್ದನ್ನು ಹೊಸ ಅಕೌಂಟ್ ಅಂತಲೂ ಕರೆಯುತ್ತೇನೆ.

ಕೆಂಪು ಸಾಲು ನೋಡಿ ನಾನು ಮಾಡಿದ್ದು ಇದು. ಹೊಸ ಅಕೌಂಟಿನಿಂದ ಲಾಗೌಟ್ ಆದೆ. ಅದೇ ವೆಬ್‌ಸೈಟಿನಲ್ಲಿ ಪ್ಲೇಸ್ಟೇಷನ್ ಬಟನ್ ಒತ್ತಿ ಲಾಗಿನ್ ಆದೆ. ಹಳೇ ಅಕೌಂಟ್ ತೆರೆಯಿತು. ಅದರಲ್ಲಿ ಪ್ಲೇಸ್ಟೇಷನ್ ಮುಂದೆ ‘ಅನ್‌ಲಿಂಕ್’ ಇತ್ತು. ಒತ್ತಿದರೆ ಒಂದು ಎಚ್ಚರಿಕೆ, ಟಿಕ್ ಮಾಡಲು ಮೂರು ಚೌಕ. ಎರಡನೇ ಚೌಕದ ಪಕ್ಕದಲ್ಲಿ ಸ್ಪಷ್ಟವಾಗಿ ಬರೆದಿತ್ತು, ಇನ್ನು ಮುಂದೆ ಈ ಅಕೌಂಟಿಗೆ ಪ್ಲೇಸ್ಟೇಷನ್ ಮೂಲಕ ಲಾಗಿನ್ ಆಗಲು ಸಾಧ್ಯವಿಲ್ಲ ಅಂತ. ಓದಿದೆ, ಆದರೆ ಅದರ ಅರ್ಥ ನನಗೆ ತಟ್ಟಲಿಲ್ಲ. ಮೂರಕ್ಕೂ ಟಿಕ್ ಹಾಕಿದೆ. ಆಮೇಲೆ ಹೊಸ ಅಕೌಂಟಿಗೆ ಹೋಗಿ ಲಿಂಕ್ ಮಾಡಿದೆ. ಈ ಸಲ ಹಸಿರು ಟಿಕ್ ಬಂತು.

ಗೇಮ್ ತೆರೆದರೆ ಲೆವೆಲ್ 9. ನಾಲ್ಕು ಕಾರು.

ಆ ರಾತ್ರಿ ಎರಡು ಗಂಟೆ ತನಕ ಮಾಡಿದ ಕೆಲಸವೆಲ್ಲ ದಂಡ. ಮೊದಲು ಪ್ಲೇಸ್ಟೇಷನ್ ಪ್ಲಸ್‌ನ ಕ್ಲೌಡ್‌ನಲ್ಲಿದ್ದ ಸೇವ್ ಫೈಲ್ ಇಳಿಸಿಕೊಂಡೆ. ಏನೂ ಬದಲಾಗಲಿಲ್ಲ. ಆಮೇಲೆ ಗೇಮ್ ಅಳಿಸಿ ಮತ್ತೆ ಹಾಕಿದೆ. ಹಾಸನದ ಮನೆಯ ಇಂಟರ್ನೆಟ್‌ನಲ್ಲಿ ಅದು ಬೆಳಗಿನ ತನಕ ಇಳಿಯಿತು. ಆಗಲೂ ನಾಲ್ಕೇ ಕಾರು.

ಬೆಳಗ್ಗೆ ತಲೆ ತಣ್ಣಗಾದ ಮೇಲೆ ಕೂತು ಏನೇನು ಉಳಿದಿದೆ, ಏನೇನು ಹೋಗಿದೆ ಅಂತ ನೋಡಿದೆ. ಈ ಕೆಲಸ ಮೊದಲೇ ಮಾಡಬೇಕಿತ್ತು. ಪ್ಲೇಸ್ಟೇಷನ್‌ನ ಟ್ರೋಫಿಗಳು ಎಲ್ಲವೂ ಇದ್ದವು, ಮೊದಲ ಟ್ರೋಫಿಯ ತಾರೀಖು ಸಮೇತ. ಕಂಟ್ರೋಲರ್‌ನ ಬಟನ್ ಜೋಡಣೆ, ಸ್ಟೀರಿಂಗ್ ಎಷ್ಟು ಸೂಕ್ಷ್ಮ ಇರಬೇಕು ಅನ್ನೋದು, ಧ್ವನಿಯ ಮಟ್ಟ ಇವೆಲ್ಲ ನಾನು ಇಟ್ಟಂತೆಯೇ ಇದ್ದವು. ಹೋಗಿದ್ದು ಲೆವೆಲ್, ಕಾರು, ದುಡ್ಡು ಮಾತ್ರ. ಅಂದರೆ ಇದು ಮೂರು ಜಾಗದ ಮಾತು. ಟ್ರೋಫಿ ಇರುವುದು ಸೋನಿಯ ಹತ್ತಿರ. ಬಟನ್ ಜೋಡಣೆಯಂಥದ್ದು ಇರುವುದು ಕನ್ಸೋಲ್‌ನ ಸೇವ್ ಫೈಲ್‌ನಲ್ಲಿ. ಆನ್‌ಲೈನ್ ಗೇಮ್‌ನ ಲೆವೆಲ್, ಕಾರು ಇರುವುದು ಪಬ್ಲಿಷರ್ ಸರ್ವರ್‌ನಲ್ಲಿ, ಪಬ್ಲಿಷರ್ ಅಕೌಂಟಿನ ಹೆಸರಿಗೆ. ಹಾಗಾಗಿಯೇ ಸೇವ್ ಫೈಲ್ ಎಷ್ಟು ಸಲ ಇಳಿಸಿದರೂ ಉಪಯೋಗವಿಲ್ಲ.

ಇನ್ನೊಂದು ಗುರುತೂ ಇತ್ತು. ಗ್ಯಾರೇಜಿನಲ್ಲಿದ್ದ ನಾಲ್ಕು ಕಾರು ಲ್ಯಾಪ್‌ಟಾಪ್‌ನಲ್ಲಿದ್ದ ಅದೇ ನಾಲ್ಕು. ಅಂದರೆ ಪ್ರೋಗ್ರೆಸ್ ಅಳಿಸಿಹೋಗಿಲ್ಲ, ನಾನು ಬೇರೆ ಮನೆಯ ಬಾಗಿಲು ತೆರೆದಿದ್ದೇನೆ. ಒಂದು ವೇಳೆ ಲೆವೆಲ್ 1, ಕಾರೇ ಇಲ್ಲ, ತರಬೇತಿ ರೇಸ್‌ನಿಂದ ಶುರು ಅಂತ ಬಂದಿದ್ದರೆ ಅರ್ಥ ಬೇರೆ. ಆಗ ನಮಗೆ ಗೊತ್ತಿಲ್ಲದೆ ಮೂರನೇ ಅಕೌಂಟ್ ಒಂದು ಹುಟ್ಟಿಕೊಂಡಿದೆ ಅಂತ ತಿಳಿಯಬೇಕು.

ಬೆಂಗಳೂರಿನ ಗೆಳೆಯನಿಗೆ ಫೋನ್ ಮಾಡಿದೆ. ಅವನೂ ನನ್ನ ಜೊತೆ ಮೊದಲಿನಿಂದ ಆಡುವವನು.

“ಒಂದ್ನಿಮಿಷ ಇರು, ಗೇಮ್ ಓಪನ್ ಮಾಡ್ತೀನಿ” ಅಂದ. ಸ್ವಲ್ಪ ಹೊತ್ತಿಗೆ, “ನಿನ್ನ ಹಳೇ ಹೆಸರು ಇನ್ನೂ ನನ್ನ ಫ್ರೆಂಡ್ಸ್ ಲಿಸ್ಟಲ್ಲಿ ಇದೆ ಕಣೋ. ಲೆವೆಲ್ 212 ಅಂತಾನೇ ತೋರಿಸ್ತಿದೆ. ನಿನ್ನೆ ರಾತ್ರಿ ಕೊನೇ ಸಲ ಆನ್‌ಲೈನ್ ಇದ್ದ ಅಂತಿದೆ.”

ಎಷ್ಟು ಸಮಾಧಾನ ಆಯಿತು ಅಂದರೆ ಹೇಳೋಕಾಗಲ್ಲ. ಅದರ ಸ್ಕ್ರೀನ್ ಫೋಟೋ ತೆಗೆದು ಕಳಿಸು ಅಂದೆ. ಆಮೇಲೆ ಅದೇ ಫೋಟೋ ತುಂಬ ಕೆಲಸಕ್ಕೆ ಬಂತು.

ಸರಿ, ಅಕೌಂಟ್ ಜೀವಂತ ಇದೆ. ಒಳಗೆ ಹೋಗೋದು ಹೇಗೆ? ಆಗಲೇ ಆ ಎರಡನೇ ಚೌಕದ ಮಾತು ಅರ್ಥ ಆಗಿದ್ದು. ಹಳೇ ಅಕೌಂಟಿಗೆ ಪಾಸ್‌ವರ್ಡ್ ಇಲ್ಲ, ಅದಕ್ಕೆ ಇದ್ದ ಒಂದೇ ಬಾಗಿಲು ಪ್ಲೇಸ್ಟೇಷನ್ ಬಟನ್. ಆ ಬಾಗಿಲನ್ನು ನಾನೇ ಕಿತ್ತು ಹೊಸ ಮನೆಗೆ ಕೂರಿಸಿದ್ದೆ. ಈಗ ಪ್ಲೇಸ್ಟೇಷನ್ ಬಟನ್ ಒತ್ತಿದರೆ ಹೊಸ ಅಕೌಂಟೇ ತೆರೆಯುತ್ತದೆ. ಪಾಸ್‌ವರ್ಡ್ ಮರೆತಿದೆ ಅಂತ ಕೊಟ್ಟರೆ ಲಿಂಕ್ ಹೋಗುವುದು ಕಾಲೇಜಿನ ಮೇಲ್‌ಗೆ. ಆ ಮೇಲ್ ಪಾಸಾಗಿ ಹೊರಬಂದ ಮೇಲೆ ಮುಚ್ಚಿಹೋಗಿದೆ. ಸೋಮವಾರ ಕಾಲೇಜಿಗೆ ಫೋನ್ ಮಾಡಿದೆ. ಕಂಪ್ಯೂಟರ್ ವಿಭಾಗದವರು ಒಳ್ಳೇ ಮಾತಿನಲ್ಲೇ ಹೇಳಿದರು, ಪಾಸಾದವರ ಐಡಿ ಅಳಿಸುತ್ತೇವೆ, ಅದೇ ಹೆಸರಲ್ಲಿ ಮತ್ತೆ ಮಾಡಿಕೊಡಲು ಬರುವುದಿಲ್ಲ ಅಂತ.

ಹೊಸ ಅಕೌಂಟಿನಿಂದ ಈಗಲೇ ಲಿಂಕ್ ತೆಗೆದು ಮತ್ತೆ ಪ್ಲೇಸ್ಟೇಷನ್ ಬಟನ್ ಒತ್ತಿದರೆ ಹಳೆಯದು ತೆರೆಯಬಹುದೇನೋ ಅಂತ ಒಂದು ಯೋಚನೆ ಬಂತು. ಗೆಳೆಯ ತಡೆದ.

“ಹಂಗ್ ಮಾತ್ರ ಮಾಡ್ಬೇಡ ಮಾರಾಯ. ನಾನು ಬೇರೆ ಗೇಮಲ್ಲಿ ಅದನ್ನೇ ಮಾಡಿ ಮೂರ್ ಅಕೌಂಟ್ ಆಗಿತ್ತು. ಹುಟ್ಟಿದ ತಾರೀಖು ಕೇಳ್ತು, ನಾನು ಕೊಟ್ಬಿಟ್ಟೆ.”

ಅವನು ಹೇಳಿದ್ದು ನಿಜವಾಗಿ ದೊಡ್ಡ ಗುರುತು. ಪ್ಲೇಸ್ಟೇಷನ್ ಅಕೌಂಟ್ ಯಾವುದಕ್ಕೂ ಲಿಂಕ್ ಇಲ್ಲದಿದ್ದಾಗ ಆ ಬಟನ್ ಒತ್ತಿದರೆ ವೆಬ್‌ಸೈಟ್ ಹಳೆಯದನ್ನು ಹುಡುಕುವುದಿಲ್ಲ. ಹೊಸಬರು ಬಂದರು ಅಂತ ತಿಳಿದು ಹೊಸ ಅಕೌಂಟ್ ಮಾಡಲು ಹೊರಡುತ್ತದೆ. ಲಾಗಿನ್ ಆಗುವ ಬದಲು ಹುಟ್ಟಿದ ತಾರೀಖು, ದೇಶ, ಹೊಸ ಹೆಸರು ಕೇಳಿತು ಅಂದರೆ ಅಲ್ಲಿಗೇ ನಿಲ್ಲಿಸಿ ಪುಟ ಮುಚ್ಚಬೇಕು. ಅದರ ಮೇಲೆ ಹಲವು ಕಂಪನಿಗಳಲ್ಲಿ ಒಂದು ಸಲ ಲಿಂಕ್ ತೆಗೆದರೆ ಮತ್ತೆ ಲಿಂಕ್ ಮಾಡಲು ಕಾಯುವ ಅವಧಿ ಇರುತ್ತದೆ, ಇಲ್ಲವೇ ಎಷ್ಟು ಸಲ ಮಾಡಬಹುದು ಅನ್ನೋದಕ್ಕೆ ಮಿತಿ ಇರುತ್ತದೆ. ಡೆಸ್ಟಿನಿ 2 ಗೇಮ್‌ನಲ್ಲಿ 2019ರಲ್ಲಿ ಕ್ರಾಸ್ ಸೇವ್, ಅಂದರೆ ಒಂದೇ ಪ್ರೋಗ್ರೆಸ್ ಅನ್ನು ಬೇರೆ ಬೇರೆ ಕನ್ಸೋಲ್‌ಗಳಲ್ಲಿ ಆಡುವ ಸೌಲಭ್ಯ ಬಂದಾಗ, ಅದನ್ನು ಒಮ್ಮೆ ಆಫ್ ಮಾಡಿದವರು ಮತ್ತೆ ಆನ್ ಮಾಡಲು 90 ದಿನ ಕಾಯಬೇಕಿತ್ತು. ಸುಮ್ನೆ ಆ ಕಡೆ ಈ ಕಡೆ ಒತ್ತಿ ನೋಡೋಣ ಅನ್ನುವ ವಿಷಯ ಇದಲ್ಲ.

ಹಾಗಾಗಿ ನಾನು ಏನನ್ನೂ ಮುಟ್ಟದೆ ಹಾಗೇ ಬಿಟ್ಟೆ. ಪಬ್ಲಿಷರ್‌ನ ಸಪೋರ್ಟ್‌ಗೆ ಬರೆದೆ.

ಮೊದಲ ಟಿಕೆಟ್ ಕೆಲಸ ಮಾಡಲಿಲ್ಲ. ವಿಷಯದ ಪಟ್ಟಿಯಲ್ಲಿ ‘ಪ್ರೋಗ್ರೆಸ್ ಕಾಣೆಯಾಗಿದೆ’ ಅನ್ನೋದನ್ನು ಆರಿಸಿ, ನಾಲ್ಕು ವರ್ಷದ ಕಥೆಯನ್ನೆಲ್ಲ ಬರೆದೆ. ಎರಡು ದಿನಕ್ಕೆ ಉತ್ತರ ಬಂತು. ಕನ್ಸೋಲ್ ಆಫ್ ಮಾಡಿ ಆನ್ ಮಾಡಿ, ಗೇಮ್ ಮತ್ತೆ ಇನ್‌ಸ್ಟಾಲ್ ಮಾಡಿ, ಅಷ್ಟೇ. ಯೋಚಿಸಿದರೆ ಆ ಉತ್ತರ ಕೊಟ್ಟವರದ್ದು ತಪ್ಪಿಲ್ಲ. ಪ್ರೋಗ್ರೆಸ್ ಕಾಣೆಯಾಗಿದೆ ಅಂದರೆ ಗೇಮ್‌ನಲ್ಲಿ ದೋಷ ಇದೆ ಅಂತಲೇ ಅವರು ತಿಳಿಯುತ್ತಾರೆ. ನನ್ನ ತೊಂದರೆ ಅದಲ್ಲ. ಪ್ರೋಗ್ರೆಸ್ ಇರುವಲ್ಲೇ ಇದೆ, ಆ ಅಕೌಂಟ್ ನನ್ನದು ಅಂತ ತೋರಿಸಿ ಅದರ ಇಮೇಲ್ ಬದಲಿಸಿಕೊಳ್ಳಬೇಕು. ಇದು ಅಕೌಂಟ್ ಯಾರದ್ದು ಅನ್ನುವ ಪ್ರಶ್ನೆ.

ಎರಡನೇ ಟಿಕೆಟ್ ‘ಅಕೌಂಟಿಗೆ ಲಾಗಿನ್ ಆಗಲು ಆಗುತ್ತಿಲ್ಲ’ ಅನ್ನುವ ವಿಭಾಗದಲ್ಲಿ ಹಾಕಿದೆ. ಬರೆಯುವ ಮುಂಚೆ ಒಂದು ಸಂಜೆ ಪೂರ್ತಿ ಸಾಕ್ಷಿ ಕೂಡಿಸಿದೆ.

ಹಳೇ ಅಕೌಂಟಿನ ಹೆಸರು ಅಕ್ಷರಶಃ ಬೇಕಿತ್ತು, ದೊಡ್ಡಕ್ಷರ ಚಿಕ್ಕಕ್ಷರ ಸಮೇತ. ಅದು ಗೆಳೆಯ ಕಳಿಸಿದ ಫೋಟೋದಲ್ಲಿ ಇತ್ತು. ಕನ್ಸೋಲ್‌ನ ಗ್ಯಾಲರಿಯಲ್ಲಿ ಹಳೇ ರೇಸ್‌ನ ಸ್ಕ್ರೀನ್‌ಶಾಟ್‌ಗಳಿದ್ದವು, ಅವುಗಳ ಮೂಲೆಯಲ್ಲೂ ಅದೇ ಹೆಸರು. ಅಕೌಂಟ್ ಯಾವಾಗ ಹುಟ್ಟಿತು ಅಂತ ನೆನಪಿರಲಿಲ್ಲ. ಆದರೆ ಆ ಗೇಮ್‌ನ ಮೊದಲ ಟ್ರೋಫಿ ಸಿಕ್ಕಿದ್ದು 2020ರ ಮೇ 17ರ ರಾತ್ರಿ. ತರಬೇತಿ ರೇಸ್ ಮುಗಿಸಿದರೆ ಸಿಗುವ ಟ್ರೋಫಿ ಅದು. ಅಕೌಂಟ್ ಹುಟ್ಟಿದ್ದೂ ಅವತ್ತೇ ಇರಬೇಕು. ಟ್ರೋಫಿಯ ತಾರೀಖು ಇಂಥ ಕೆಲಸಕ್ಕೆ ಬರುತ್ತದೆ ಅಂತ ನನಗೆ ಮುಂಚೆ ಹೊಳೆದಿರಲಿಲ್ಲ.

ಆಮೇಲೆ ದುಡ್ಡು ಕೊಟ್ಟು ಕೊಂಡದ್ದರ ಲೆಕ್ಕ. ಸೋನಿ ಅಕೌಂಟಿನಲ್ಲಿ ಖರೀದಿಯ ಪೂರ್ತಿ ಪಟ್ಟಿ ಇರುತ್ತದೆ, ತಾರೀಖು ಮತ್ತು ವಹಿವಾಟಿನ ನಂಬರ್ ಜೊತೆ. ಈ ಗೇಮ್‌ಗೆ ಸೇರಿದ ಮೂರು ಖರೀದಿ ಆರಿಸಿಕೊಂಡೆ. ಮೂರೂ ಹಳೇ ಅಕೌಂಟ್ ಲಿಂಕ್ ಇದ್ದಾಗಿನವು. ಇಲ್ಲಿ ಒಂದು ಮಾತು ಹೇಳಲೇಬೇಕು. ಆ ನಂಬರ್‌ಗಳನ್ನು ಯಾರಿಗೂ ತೋರಿಸಬೇಡಿ, ಗೆಳೆಯರ ಗುಂಪಿಗೂ ಸ್ಕ್ರೀನ್‌ಶಾಟ್ ಹಾಕಬೇಡಿ. ನಾನು ಅವನ್ನು ಕೊಟ್ಟು ಅಕೌಂಟ್ ನನ್ನದು ಅಂತ ತೋರಿಸಿದ ಹಾಗೆ ಇನ್ನೊಬ್ಬರೂ ತೋರಿಸಬಹುದು. ಅಕೌಂಟ್ ವಾಪಸ್ ತೆಗೆದುಕೊಡುತ್ತೇವೆ ಅಂತ ಮೆಸೇಜ್ ಮಾಡುವವರು ಮೊದಲು ಕೇಳುವುದು ಇದನ್ನೇ.

ಪ್ಲೇಸ್ಟೇಷನ್‌ನ ಆನ್‌ಲೈನ್ ಐಡಿಯನ್ನು ನಾನು ನಡುವೆ ಒಮ್ಮೆ ಬದಲಿಸಿದ್ದೆ. 2019ರ ಏಪ್ರಿಲ್‌ನಿಂದ ಅದನ್ನು ಬದಲಿಸಲು ಸೋನಿ ಅವಕಾಶ ಕೊಟ್ಟಿದೆ. ಹೆಸರು ಬದಲಾದರೂ ಒಳಗಿನ ಅಕೌಂಟ್ ಅದೇ, ಲಿಂಕ್ ಕೂಡ ಕಳಚುವುದಿಲ್ಲ. ಆದರೆ ಸಪೋರ್ಟ್‌ನವರ ದಾಖಲೆಯಲ್ಲಿ ಯಾವ ಹೆಸರು ಇದೆಯೋ ಗೊತ್ತಿಲ್ಲವಲ್ಲ. ಹಾಗಾಗಿ ಎರಡೂ ಕೊಟ್ಟೆ. ಲಿಂಕ್ ತೆಗೆದ ದಿನ, ಗಂಟೆ ಬರೆದು ಪಕ್ಕದಲ್ಲಿ ಭಾರತೀಯ ಸಮಯ ಅಂತ ಹಾಕಿದೆ. ಅವರು ಕೂತಿರುವ ದೇಶ ಯಾವುದೋ.

ಇಡೀ ಟಿಕೆಟ್ ಹದಿನೈದು ಸಾಲು. ಕೇಳಿದ್ದು ಎರಡೇ. ಹಳೇ ಅಕೌಂಟಿನ ಇಮೇಲ್ ಬದಲಿಸಿಕೊಡಿ. ನನ್ನ ಪ್ಲೇಸ್ಟೇಷನ್ ಅನ್ನು ಅದಕ್ಕೆ ಮತ್ತೆ ಲಿಂಕ್ ಮಾಡಲು ಬಿಡಿ. ಎರಡು ಅಕೌಂಟನ್ನೂ ಒಂದು ಮಾಡಿ ಅಂತ ಕೇಳಲಿಲ್ಲ.

ಹಾಗೆ ಕೇಳಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ಅಲ್ಲಿ ನಾಲ್ಕು ಕಾರು, ಇಲ್ಲಿ 61, ಕೂಡಿಸಿದರೆ ಮುಗೀತಲ್ಲ ಅಂತ. ಆದರೆ ಇದು ಬಹುತೇಕ ಎಲ್ಲೂ ಸಿಗುವುದಿಲ್ಲ. ಫೋರ್ಟ್‌ನೈಟ್ ಮಾಡುವ ಎಪಿಕ್ ಕಂಪನಿ ಎರಡು ಅಕೌಂಟ್ ಸೇರಿಸುವ ಸೌಲಭ್ಯವನ್ನು ಕೆಲವು ಕಾಲ ಕೊಟ್ಟು 2019ರಲ್ಲಿ ನಿಲ್ಲಿಸಿತು. ಅದು ಬಂದದ್ದಕ್ಕೂ ಒಂದು ಹಿನ್ನೆಲೆ ಇದೆ. 2018ರ ಜೂನ್‌ನಲ್ಲಿ ಫೋರ್ಟ್‌ನೈಟ್ ನಿಂಟೆಂಡೊ ಸ್ವಿಚ್‌ಗೆ ಬಂದಾಗ, ಪ್ಲೇಸ್ಟೇಷನ್‌ಗೆ ಲಿಂಕ್ ಆಗಿದ್ದ ಎಪಿಕ್ ಅಕೌಂಟ್ ಸ್ವಿಚ್‌ನಲ್ಲಿ ತೆರೆಯುತ್ತಲೇ ಇರಲಿಲ್ಲ. ಲಿಂಕ್ ತೆಗೆದರೂ ತೆರೆಯುತ್ತಿರಲಿಲ್ಲ. ತುಂಬ ಜನ ಬೇರೆ ದಾರಿ ಇಲ್ಲದೆ ಎರಡನೇ ಅಕೌಂಟ್ ಮಾಡಿಕೊಂಡರು. ಸೆಪ್ಟೆಂಬರ್‌ನಲ್ಲಿ ಸೋನಿ ಆ ತಡೆ ತೆಗೆದಾಗ ಅವರ ಕೈಯಲ್ಲಿ ಎರಡೆರಡು ಅಕೌಂಟ್ ಇದ್ದವು. ಡೆಸ್ಟಿನಿಯ ಕ್ರಾಸ್ ಸೇವ್ ಕೂಡ ಸೇರಿಸುವುದಿಲ್ಲ. ಯಾವ ಕಡೆಯ ಪಾತ್ರಗಳು ಬೇಕು ಅಂತ ಒಂದನ್ನು ಆರಿಸಿಕೊಳ್ಳಬೇಕು, ಇನ್ನೊಂದು ಕಡೆಯವು ಪಕ್ಕಕ್ಕೆ ಉಳಿಯುತ್ತವೆ. ನನಗೂ ಆಯ್ಕೆ ಸುಲಭವಾಗಿತ್ತು. ನಾಲ್ಕು ಕಾರು ಹೋದರೆ ಹೋಗಲಿ.

ನಾಲ್ಕನೇ ದಿನ ಸಪೋರ್ಟ್‌ನಿಂದ ಒಬ್ಬರು ಉತ್ತರಿಸಿದರು. ಈ ಸಲ ನಿಜವಾಗಿ ಓದಿದ್ದರು. ಇನ್ನೊಂದು ಪ್ರಶ್ನೆ ಕೇಳಿದ್ದರು, ಅಕೌಂಟ್ ಮಾಡಿದಾಗ ಯಾವ ಊರಿನಲ್ಲಿದ್ದಿರಿ?

ಬೆಂಗಳೂರು ಅಂತ ಟೈಪ್ ಮಾಡಿ ಕಳಿಸುವುದರಲ್ಲಿದ್ದೆ. ಅಮ್ಮ ಪಕ್ಕದಲ್ಲೇ ಹೂ ಕಟ್ಟುತ್ತಾ ಕೂತಿದ್ದರು. “ಲಾಕ್‌ಡೌನಲ್ಲಿ ನೀನು ಇಲ್ಲೇ ಇದ್ಯಲ್ಲೋ” ಅಂದರು. ಹೌದಲ್ಲ. ಹಾಸನ ಅಂತ ತಿದ್ದಿದೆ. ಆದರೆ ಆಗ ಮನೆಗೆ ಇಂಟರ್ನೆಟ್ ಲೈನ್ ಬಂದಿರಲಿಲ್ಲ, ಫೋನಿನ ಹಾಟ್‌ಸ್ಪಾಟ್‌ನಲ್ಲಿ ಆಡುತ್ತಿದ್ದೆ. ಮೊಬೈಲ್ ಡೇಟಾದಲ್ಲಿ ಇದ್ದರೆ ಹಾಸನದಲ್ಲಿ ಕೂತವರೂ ಕಂಪನಿಯ ಲೆಕ್ಕದಲ್ಲಿ ಬೆಂಗಳೂರಿನವರಾಗಿ ಕಾಣಬಹುದು. ಅದನ್ನೂ ಒಂದು ಸಾಲಿನಲ್ಲಿ ಬರೆದೆ. ಹಾಸನದಲ್ಲಿದ್ದೆ, ಮೊಬೈಲ್ ಡೇಟಾ ಬಳಸುತ್ತಿದ್ದೆ, ನಿಮ್ಮಲ್ಲಿ ಬೆಂಗಳೂರು ಅಂತ ಕಾಣಿಸಬಹುದು.

ಒಂಬತ್ತನೇ ದಿನ, ಬೆಂಗಳೂರಿಗೆ ವಾಪಸ್ ಬಂದ ಮೇಲೆ, ಮೇಲ್ ಬಂತು. ಹಳೇ ಅಕೌಂಟಿನ ಇಮೇಲ್ ಬದಲಿಸಿದ್ದೇವೆ, ಪಾಸ್‌ವರ್ಡ್ ಇಟ್ಟುಕೊಳ್ಳಿ ಅಂತ. ಹೊಸ ಅಕೌಂಟಿನಲ್ಲಿ ಜಿಮೇಲ್ ಮೊದಲೇ ಬಳಕೆಯಲ್ಲಿದ್ದದ್ದರಿಂದ ಇದಕ್ಕೆ ನನ್ನ ಇನ್ನೊಂದು ಮೇಲ್ ಕೊಟ್ಟಿದ್ದೆ. ಕಾಯುವ ಅವಧಿಯನ್ನು ಈ ಒಂದು ಸಲಕ್ಕೆ ತೆಗೆದಿದ್ದೇವೆ, ಮತ್ತೊಮ್ಮೆ ತೆಗೆಯುವುದಿಲ್ಲ ಅಂತಲೂ ಬರೆದಿದ್ದರು. ಅಂದರೆ ಈ ಸಲ ತಪ್ಪಬಾರದು.

ಮೊದಲು ಹಳೇ ಅಕೌಂಟಿಗೆ ಪಾಸ್‌ವರ್ಡ್ ಇಟ್ಟೆ. ಎರಡು ಹಂತದ ಲಾಗಿನ್ ಆನ್ ಮಾಡಿದೆ. ಅವರು ಕೊಡುವ ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿ ಇಟ್ಟೆ. ಲಾಗೌಟ್ ಆಗಿ, ಪಾಸ್‌ವರ್ಡ್ ಕೊಟ್ಟು ಮತ್ತೆ ಒಳಗೆ ಬರುತ್ತದಾ ಅಂತ ನೋಡಿದೆ. ಬಂತು. ಹಳೇ ಅಕೌಂಟಿಗೆ ಈಗ ಪ್ಲೇಸ್ಟೇಷನ್ ಬಿಟ್ಟು ಇನ್ನೊಂದು ಬಾಗಿಲು ಇದೆ. ಇದಾದ ಮೇಲೇ ಲಿಂಕ್ ಮುಟ್ಟಿದ್ದು.

ಬ್ರೌಸರ್‌ನಲ್ಲಿ ಹೊಸ ಅಕೌಂಟ್ ತೆರೆದು ಪ್ಲೇಸ್ಟೇಷನ್ ಲಿಂಕ್ ತೆಗೆದೆ. ಬ್ರೌಸರ್ ಪೂರ್ತಿ ಮುಚ್ಚಿದೆ. ಆಮೇಲೆ ಪ್ರೈವೇಟ್ ವಿಂಡೋ ತೆರೆದೆ. ಇದಕ್ಕೆ ಕಾರಣ ಇದೆ. ಲಿಂಕ್ ಬಟನ್ ಒತ್ತಿದಾಗ ಯಾರನ್ನು ಯಾರಿಗೆ ಜೋಡಿಸಬೇಕು ಅಂತ ಬ್ರೌಸರ್ ನಮ್ಮನ್ನು ಕೇಳುವುದಿಲ್ಲ. ಪಬ್ಲಿಷರ್ ಕಡೆ ಯಾರು ಲಾಗಿನ್ ಆಗಿದ್ದಾರೋ ಅವರು, ಸೋನಿ ಕಡೆ ಯಾರು ಲಾಗಿನ್ ಆಗಿದ್ದಾರೋ ಅವರು, ಇಬ್ಬರನ್ನೂ ಜೋಡಿಸಿಬಿಡುತ್ತದೆ. ಟಿವಿ ಮೇಲೆ ಬರುವ ಕೋಡ್ ಅಥವಾ ಕ್ಯೂಆರ್ ಅನ್ನು ಫೋನಿನಲ್ಲಿ ಸ್ಕ್ಯಾನ್ ಮಾಡುವಾಗಲೂ ಇದೇ ಕಥೆ. ಆ ಕೋಡ್‌ಗೆ ನಾವು ಯಾರು ಅಂತ ಗೊತ್ತಿಲ್ಲ. ಫೋನಿನ ಬ್ರೌಸರ್‌ನಲ್ಲಿ ತಮ್ಮನ ಅಕೌಂಟ್ ತೆರೆದಿದ್ದರೆ ಲಿಂಕ್ ಆಗುವುದು ತಮ್ಮನಿಗೇ. ನನ್ನ ಲ್ಯಾಪ್‌ಟಾಪ್‌ನಲ್ಲಿ ಹಬ್ಬದ ದಿನ ತಮ್ಮ ಅವನ ಪ್ಲೇಸ್ಟೇಷನ್ ಅಕೌಂಟಿಗೆ ಲಾಗಿನ್ ಆಗಿದ್ದ, ಅದು ಹಾಗೇ ಉಳಿದಿತ್ತು. ಪ್ರೈವೇಟ್ ವಿಂಡೋದಲ್ಲಿ ಯಾರೂ ಇರುವುದಿಲ್ಲ, ಎರಡೂ ಕಡೆ ನಾನೇ ಪಾಸ್‌ವರ್ಡ್ ಹೊಡೆದು ಹೋಗಬೇಕು.

ಹಳೇ ಅಕೌಂಟಿಗೆ ಲಾಗಿನ್ ಆದೆ. ಬಲಗಡೆ ಮೇಲೆ ಹೆಸರು ನೋಡಿದೆ. ಗೆಳೆಯ ಕಳಿಸಿದ ಫೋಟೋ ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸಿದೆ. ಲಿಂಕ್ ಒತ್ತಿದೆ. ಸೋನಿ ಪುಟದಲ್ಲಿ ನನ್ನ ಮೇಲ್ ಹಾಕಿದೆ. ಒಪ್ಪಿಗೆ ಕೇಳುವ ಪುಟದಲ್ಲಿ ನನ್ನ ಆನ್‌ಲೈನ್ ಐಡಿಯೇ ಇದೆಯಾ ಅಂತ ನೋಡಿ ಒಪ್ಪಿದೆ. ಹಸಿರು ಟಿಕ್ ಬಂತು.

ಕನ್ಸೋಲ್‌ನಲ್ಲಿ ಗೇಮ್ ಹಿಂದಿನ ದಿನದಿಂದ ತೆರೆದೇ ಇತ್ತು, ರೆಸ್ಟ್ ಮೋಡ್‌ನಲ್ಲಿ. ಹಾಗೇ ಎಬ್ಬಿಸಿದರೆ ಇನ್ನೂ ಲೆವೆಲ್ 9 ತೋರಿಸುತ್ತಿತ್ತು. ಒಂದು ಕ್ಷಣ ಎದೆ ಧಸಕ್ಕಂತು. ಅದು ಹಳೇ ಲಾಗಿನ್ ಅನ್ನೇ ಹಿಡಿದುಕೊಂಡಿತ್ತು ಅಷ್ಟೇ. ಗೇಮ್ ಪೂರ್ತಿ ಮುಚ್ಚಿ ಮತ್ತೆ ತೆರೆದೆ.

212.

ಗ್ಯಾರೇಜಿಗೆ ಹೋಗಿ ಮೊದಲು ಕೆಂಪು ಕಾರು ಹುಡುಕಿದೆ. ಬಾಗಿಲ ಮೇಲೆ ನಂಬರ್ ಇತ್ತು, ‘ಹಾಸನ’ ಇತ್ತು. ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ. ಅವರಿಗೆ ಈ ಒಂಬತ್ತು ದಿನ ಏನಾಯಿತು ಅಂತ ಪೂರ್ತಿ ಗೊತ್ತಿಲ್ಲ. “ಸಿಕ್ತಾ? ಒಳ್ಳೇದಾಯ್ತು” ಅಂತ ಒಂದು ಮೆಸೇಜ್ ಬಂತು.

ಎಲ್ಲವೂ ವಾಪಸ್ ಬರಲಿಲ್ಲ. ಲಿಂಕ್ ತಪ್ಪಿದ ಮೊದಲ ರಾತ್ರಿ, ಅಂಗಡಿಯಿಂದ ಏನಾದರೂ ಕೊಂಡರೆ ಹಳೆಯದು ಎಚ್ಚರವಾಗಬಹುದು ಅನ್ನುವ ಆಸೆಯಿಂದ ಕನ್ಸೋಲ್‌ನಲ್ಲಿ ಆ ಸೀಸನ್‌ನ ಪಾಸ್ ಕೊಂಡಿದ್ದೆ. ಆಗ ಲಿಂಕ್ ಇದ್ದದ್ದು ಹೊಸ ಅಕೌಂಟಿಗೆ, ಪಾಸ್ ಅಲ್ಲೇ ಉಳಿಯಿತು. ಕೇಳಿ ನೋಡಿದೆ. ಒಮ್ಮೆ ಒಂದು ಅಕೌಂಟಿಗೆ ಬಿದ್ದ ವಸ್ತುವನ್ನು ಇನ್ನೊಂದಕ್ಕೆ ಸಾಗಿಸಲು ಬರುವುದಿಲ್ಲ ಅಂದರು. ಗೇಮ್ ಮಾತ್ರ ಸೋನಿ ಅಕೌಂಟಿನಲ್ಲಿ ಇರುವುದರಿಂದ ಅದಕ್ಕೇನೂ ಆಗಲಿಲ್ಲ. ಪ್ರೋಗ್ರೆಸ್ ಕಾಣೆಯಾದಾಗ ಸರಿಯಾಗುವ ತನಕ ಒಂದು ರೂಪಾಯಿಯನ್ನೂ ಗೇಮ್‌ನೊಳಗೆ ಖರ್ಚು ಮಾಡಬಾರದು, ಇದು ನನಗೆ ಆಮೇಲೆ ತಿಳಿದದ್ದು.

ಲ್ಯಾಪ್‌ಟಾಪ್‌ನಲ್ಲಿ ಈಗ ಹಳೇ ಅಕೌಂಟಿಗೇ ಲಾಗಿನ್ ಆಗುತ್ತೇನೆ. ಮೊದಲೇ ಮಾಡಬೇಕಾಗಿದ್ದೂ ಇಷ್ಟೇ. ಹಳೇ ಅಕೌಂಟಿಗೆ ಪ್ಲೇಸ್ಟೇಷನ್ ಬಟನ್‌ನಿಂದ ಒಳಗೆ ಹೋದ ಆ ಶನಿವಾರ ರಾತ್ರಿ, ಅನ್‌ಲಿಂಕ್ ಮುಟ್ಟದೆ, ಇಮೇಲ್ ಬದಲಿಸಿ ಪಾಸ್‌ವರ್ಡ್ ಇಟ್ಟಿದ್ದರೆ ಸಾಕಿತ್ತು. 61 ಕಾರೂ ಲ್ಯಾಪ್‌ಟಾಪ್‌ನಲ್ಲಿ ಕಾಣುತ್ತಿದ್ದವು.

ದೀಪಾವಳಿಗೆ ಹಾಸನಕ್ಕೆ ಹೋದಾಗ ತಮ್ಮನನ್ನು ಕೂರಿಸಿಕೊಂಡೆ. ಅವನು ಪ್ಲೇಸ್ಟೇಷನ್‌ನಲ್ಲಿ ಬೇರೆ ಒಂದು ಫುಟ್ಬಾಲ್ ಗೇಮ್ ಆಡುತ್ತಾನೆ, ಎರಡು ವರ್ಷದಿಂದ. PS5ರಲ್ಲಿ Settings ಒಳಗೆ Users and Accounts, ಅದರೊಳಗೆ Linked Services ತೆರೆದರೆ ಯಾವ ಯಾವ ಕಂಪನಿಗೆ ಲಿಂಕ್ ಆಗಿದೆ ಅಂತ ಕಾಣುತ್ತದೆ. ಆದರೆ ಆ ಕಂಪನಿಯ ಕಡೆ ಯಾವ ಅಕೌಂಟ್ ಅನ್ನೋದನ್ನು ಅದರ ವೆಬ್‌ಸೈಟಿಗೇ ಹೋಗಿ ನೋಡಬೇಕು. ಪ್ಲೇಸ್ಟೇಷನ್ ಬಟನ್ ಒತ್ತಿ ಒಳಗೆ ಹೋದೆವು.

“ಅಣ್ಣ, ಇದು ನನ್ನ ಪಿಯು ಕಾಲೇಜಿನ ಮೇಲ್” ಅಂದ.

“ಇನ್ನೂ ಓಪನ್ ಆಗುತ್ತಾ?”

ಫೋನ್ ತೆಗೆದು ನೋಡಿದ. ಆಗುತ್ತಿತ್ತು. ದೃಢೀಕರಣದ ಕೋಡ್ ಆ ಮೇಲ್‌ಗೆ ಬಂತು. ಅವನ ಸ್ವಂತ ಮೇಲ್ ಹಾಕಿ, ಪಾಸ್‌ವರ್ಡ್ ಇಟ್ಟು, ಬ್ಯಾಕಪ್ ಕೋಡ್ ಬರೆದುಕೊಂಡು ಮುಗಿಸುವ ಹೊತ್ತಿಗೆ ಅಮ್ಮ ಊಟಕ್ಕೆ ಕರೆದರು.